ಕಾಲಿಗೆ ಬಿಗಿಯಾದ ಕಡಗ

ಮಶಾಕಸಾಬನ ಹಿಟ್ಟಿನ ಗಿರಣಿ ಬೆಳಗಿನಲ್ಲಿ ಮೊದಲು ಕೆಮ್ಮುತ್ತಿತ್ತು. ಎಂಜಿನ್ನಿನ ಕೊಳವೆ ನಾಲ್ಕಾರು ಸಲ ಗಂಟಲು ಸರಿಮಾಡಿಕೊಂಡು, ಆಮೇಲೆ ಟುಕ್ಕು ಟುಕ್ಕು ಎಂದು ದಾರಿಗೆ ಬರುತ್ತಿತ್ತು. ಹೂವಿನ ಹಿಪ್ಪರಗಿಯ ಆ ಓಣಿಗೆ ಅದೇ ಗಡಿಯಾರ. ಎದುರುಮನೆಯ ಕಸ್ತೂರೆವ್ವನಿಗೆ ಮಾತ್ರ ಅದು ಗಡಿಯಾರವಲ್ಲ, ಸವಾಲು. ಗಿರಣಿ ಶುರುವಾದರೆ ತನ್ನ ಮಾತು ಓಣಿಯ ತುದಿಗೆ ಮುಟ್ಟುವುದಿಲ್ಲವೆಂದು ಅವಳೂ ದನಿ ಏರಿಸುತ್ತಿದ್ದಳು. ಕೊನೆಗೆ ಸೋಲುತ್ತಿದ್ದುದು ಗಿರಣಿಯೇ.

"ಕಸ್ತೂರೆವ್ವಗ ಒಂದ ಗಿರಣಿ ಪಟ್ಟಾ ಹಾಕಿ ಬಿಟ್ಟರ ನನ್ನ ಡೀಜಲ್ ಉಳೀತೈತಿ ನೋಡ್ರಿ" ಎಂದು ಮಶಾಕಸಾಬ ಹಿಟ್ಟು ಹತ್ತಿದ ಹುಬ್ಬು ಒರೆಸಿಕೊಳ್ಳುತ್ತ ಹೇಳುತ್ತಿದ್ದ. ಹೇಳುವಾಗ ಅವಳು ಮನೆಯಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡಿರುತ್ತಿದ್ದ.

ಅವಳ ಮಾತಿಗೆ ಹೆದರದವರು ಊರಲ್ಲಿ ಇಬ್ಬರೇ. ಒಂದು ಅವಳ ಎಮ್ಮೆ, ಇನ್ನೊಂದು ಅವಳ ಮೊಮ್ಮಗ ಪರಮಾನಂದ. ಎಮ್ಮೆ ಒದೆಯುತ್ತಿತ್ತು. ಮೊಮ್ಮಗ ಏನನ್ನೂ ಮಾಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂರಿಸಿದರೆ ಕೂತಲ್ಲೇ ಕೂತಿರುತ್ತಿದ್ದ. ಎರಡು ತುಂಬಲಿರುವ ಕೂಸು. ಮುಖ ಹುಣ್ಣಿಮೆಯ ಚಂದ್ರ, ಪಾದಗಳು ಹುಗ್ಗಿ ತುಂಬಿದ ಬಟ್ಟಲು. ಓಣಿಯಲ್ಲಿ ಹಾದುಹೋಗುವವರು ನಿಂತು ನೋಡುತ್ತಿದ್ದರು. ನಿಂತು ನೋಡಲೆಂದೇ ಅವಳು ಅವನನ್ನು ಕಟ್ಟೆಯ ಮೇಲೆ ಕೂರಿಸುತ್ತಿದ್ದಳು, ನೋಡಿದರೆ ನೆದರಾಗುತ್ತದೆಂದು ಬೈಯುತ್ತಲೂ ಇದ್ದಳು. ಅವನ ಕೆನ್ನೆಗೆ ಹಚ್ಚಿದ ಕಾಡಿಗೆಯ ಬೊಟ್ಟು ದಿನದಿನಕ್ಕೆ ದೊಡ್ಡದಾಗುತ್ತ ಹೋಗಿ, ಈಗ ಕೂಸಿಗೆ ಬೊಟ್ಟು ಇಟ್ಟಿದ್ದಾರೋ ಬೊಟ್ಟಿಗೆ ಕೂಸು ಇಟ್ಟಿದ್ದಾರೋ ಎಂಬಂತಾಗಿತ್ತು.

ಕೂಸು ಅಳುವುದಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ, "ಸಾಧು ಸ್ವಭಾವ. ಮಠದ ಸ್ವಾಮಿ ಆಗೂ ಲಕ್ಷಣ" ಎನ್ನುತ್ತಿದ್ದಳು. ನಗುವುದೂ ಇಲ್ಲವಲ್ಲ ಎಂದರೆ, "ಸ್ವಾಮಿಗೋಳು ಕಿಸಕ್ ಅಂತ ನಗ್ತಾರೇನು?" ಮೊನ್ನೆಮೊನ್ನೆಯವರೆಗೆ ನಡೆಯುತ್ತಿದ್ದವನು ಈಗ ನಡೆಯುವುದನ್ನು ಬಿಟ್ಟಿದ್ದಾನಲ್ಲ ಎಂದರೆ, "ನಾಕು ಕೂರಿಗಿ ಹೊಲದ ಧಣಿ. ಅವ ಯಾಕ ನಡೀಬೇಕು, ನಡ್ಯಾಕ ನಿಮ್ಮಂಥಾವರು ಇಲ್ಲೇನು?" ಕರಿಕೂದಲು ಕೆಂಚಾಗುತ್ತಿರುವುದಕ್ಕೂ ಅವಳಲ್ಲಿ ಉತ್ತರವಿತ್ತು. ದೊರೆಗಳ ಮಕ್ಕಳ ಕೂದಲು ಹಾಗೇ ಇರುತ್ತದಂತೆ. ಅವಳು ದೊರೆಗಳ ಮಕ್ಕಳನ್ನು ಎಲ್ಲಿ ಕಂಡಿದ್ದಳೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಈ ಎಲ್ಲ ಸೊಂಪಿಗೂ ಕಾರಣ ತಾನು ಹಿಡಿಸಿದ ಪಥ್ಯ ಎಂಬುದರಲ್ಲಿ ಅವಳಿಗೆ ಲವಲೇಶ ಸಂಶಯವಿರಲಿಲ್ಲ. ಹೋದ ಬೇಸಿಗೆಯಲ್ಲಿ ಪರಮಾನಂದನಿಗೆ ದಡಾರ ಬಂದಿತ್ತು. ಮೈಮೇಲಿನ ಗುಳ್ಳೆಗಳು ಮಾಯುವ ಹೊತ್ತಿಗೆ ಸೊಸೆ ಸಿದ್ದವ್ವ ಮತ್ತೆ ಬಸುರಿಯಾದಳು. ಬಸುರಿಯ ಹಾಲು ಕೂಸಿಗೆ ನಂಜು ಎಂದು ಮೊಲೆ ಬಿಡಿಸಿದ್ದಾಯಿತು. ಎಮ್ಮೆಯ ಹಾಲು ಕಫ, ಬೇಳೆ ವಾಯು, ಶೇಂಗಾ ಪಿತ್ತ. ಹೀಗೆ ಒಂದೊಂದಕ್ಕೂ ಬಾಗಿಲು ಹಾಕುತ್ತ ಬಂದಾಗ ಉಳಿದದ್ದು ಸಕ್ಕರೆ ಹಾಕಿದ ಸಾಬೂದಾಣಿ ಗಂಜಿ. ಮೂರು ಹೊತ್ತೂ ಅದೇ. ಅಡುಗೆಮನೆಯಲ್ಲಿ ಗಡಿಗೆ ತುಂಬ ಹಾಲು ಕೆನೆಗಟ್ಟುತ್ತಿತ್ತು. ಹೆಪ್ಪಾಗಿ, ಬೆಣ್ಣೆಯಾಗಿ, ತುಪ್ಪವಾಗಿ ಮನೆಯ ಗಂಡಸರ ರೊಟ್ಟಿಯ ಮೇಲೆ ಇಳಿಯುತ್ತಿತ್ತು. ಕೂಸಿನ ಬಟ್ಟಲಿಗೆ ಮಾತ್ರ ದಾರಿ ಸಿಗಲಿಲ್ಲ.

ಗಂಜಿಯಿಂದ ಕೂಸು ಮೊದಲು ಸ್ವಲ್ಪ ಇಳಿಯಿತು. ಆಮೇಲೆ ನೋಡನೋಡುತ್ತ ತುಂಬಿಕೊಂಡಿತು. ಕಾಲಲ್ಲಿ ಸಡಿಲಾಗಿ ಝಣಗುಟ್ಟುತ್ತಿದ್ದ ಬೆಳ್ಳಿ ಕಡಗ ಸದ್ದು ನಿಲ್ಲಿಸಿ, ಬಿಗಿಯಾಗಿ ಕೂತಿತು.

"ನೋಡ್ರೆವ್ವಾ, ಕಡಗ ಬಿಗೀ ಆತು!" ಎಂದು ಕಸ್ತೂರೆವ್ವ ಆ ದಿನ ಓಣಿಗೆಲ್ಲ ಸಕ್ಕರೆ ಹಂಚಿದ್ದಳು.

ಅವಳ ಈ ಹಠದ ಹಿಂದೆ ಹಳೆಯದೊಂದು ಇತ್ತು. ಕೃಷ್ಣೆಯ ದಂಡೆಯ ತಂಗಡಗಿಯಿಂದ ಈ ಮನೆಗೆ ಸೊಸೆಯಾಗಿ ಬಂದ ಮೂರನೆಯ ವರ್ಷ ಅವಳ ಮೊದಲ ಮಗಳಿಗೆ ದಡಾರ ಬಂದಿತ್ತು. ಕೂಸು ಒಣಗಿ ಒಣಗಿ, ಎತ್ತಿಕೊಂಡರೆ ಬರಿ ಲಂಗ ಎತ್ತಿಕೊಂಡಂತೆ ಆಗಿ, ಒಂದು ಮಧ್ಯಾಹ್ನ ಹೋಗಿಬಿಟ್ಟಿತು. ಅತ್ತೆಗೆ ಗೊತ್ತಿಲ್ಲದೆ ಅವಳು ಕೂಸಿಗೆ ಒಂದೆರಡು ಸಲ ಮಜ್ಜಿಗೆ ಅನ್ನ ತಿನ್ನಿಸಿದ್ದಳು. ಅದು ಗೊತ್ತಾಗಿ ಅತ್ತೆ, "ಪಥ್ಯ ಕೆಡಿಸಿದಿ, ಕೂಸಿನ್ನ ತಿಂದಿ" ಅಂದಳು. ಒಂದೇ ಸಲ ಅಂದದ್ದು. ಅತ್ತೆ ತೀರಿ ಎಷ್ಟೋ ವರ್ಷವಾಯಿತು, ಆ ಮಾತು ಮಾತ್ರ ಅಡುಗೆಮನೆಯ ಗೂಡಿನಲ್ಲಿ ದೀಪದ ಮಸಿಯಂತೆ ಉಳಿದಿತ್ತು. ಅಂದಿನಿಂದ ಕಸ್ತೂರೆವ್ವನಿಗೆ ತೆಳ್ಳಗಿನ ಕೂಸನ್ನು ಕಂಡರೆ ಆಗುತ್ತಿರಲಿಲ್ಲ. ಹೆದರಿಕೆ ಎಂದು ಅವಳು ಒಪ್ಪುವವಳಲ್ಲ. ಅದಕ್ಕೆ ತಮಾಷೆ ಮಾಡುತ್ತಿದ್ದಳು.

ತಮಾಷೆಗೆ ಸಿಕ್ಕವಳು ಹಿತ್ತಲ ಮಗ್ಗುಲಿನ ತಿಪ್ಪವ್ವ, ಕುರಿ ಕಾಯುವ ಅಮೋಘಸಿದ್ಧನ ಹೆಂಡತಿ. ಅವಳ ಮಗಳು ಹುಚ್ಚವ್ವ ಪರಮಾನಂದನ ವಾರಿಗೆಯವಳು, ಸಜ್ಜೆಯ ದಂಟಿನಂಥವಳು. ಆ ದಂಟು ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೇಕೆಯ ಬಾಲ ಹಿಡಿದು ಓಡುವುದು, ಬೀಳುವುದು, ಬಿದ್ದಲ್ಲೇ ಸಿಕ್ಕ ಶೇಂಗಾ ಕಾಯಿ ಬಾಯಿಗೆ ಹಾಕುವುದು, ಕಸಿದುಕೊಂಡರೆ ಓಣಿ ಹಾರಿಹೋಗುವಂತೆ ಕೂಗುವುದು.

"ತಿಪ್ಪವ್ವಾ, ನಿನ್ನ ಮಗಳನ್ನ ಗಾಳಿಗೆ ಹೊರಗ ಬಿಡಬ್ಯಾಡ, ಸಿಂದಗಿತನಕ ಹಾರಿಹೋದೀತು."

"ಹಾರಿದರ ತಿರುಗಿ ನಡಕೋತ ಬರ್ತಾಳ ಬಿಡ್ರಿ ಯವ್ವಾ. ಕಾಲು ಗಟ್ಟಿ ಅದಾವ" ಎಂದು ತಿಪ್ಪವ್ವ ನಗುತ್ತಿದ್ದಳು. ಅವಳಿಗೆ ಬೇಸರವಾಗುತ್ತಿರಲಿಲ್ಲವೆಂದಲ್ಲ. ದೊಡ್ಡ ಮನೆಯ ಬಾವಿಯಿಂದ ನೀರು ಸೇದುವವರು ಬೇಸರವನ್ನು ಬಾವಿಕಟ್ಟೆಯ ಆಚೆಯೇ ಬಿಟ್ಟು ಬರಬೇಕಾಗುತ್ತದೆ.

ಆ ವರ್ಷದ ಸುಗ್ಗಿ ಮುಗಿದ ಮೇಲೆ ಊರಲ್ಲಿ ಡಂಗುರ ಸಾರಿದರು. ಕನ್ನಡ ಸಾಲಿಯ ಬಯಲಿನಲ್ಲಿ ಆರೋಗ್ಯ ಶಿಬಿರ. ಮಕ್ಕಳನ್ನು ತೂಗುತ್ತಾರೆ, ನೋಡುತ್ತಾರೆ, ಡಾಕ್ಟರರು ಭಾಷಣ ಮಾಡುತ್ತಾರೆ. ಇಷ್ಟಕ್ಕೇ ಆಗಿದ್ದರೆ ಯಾರೂ ಹೋಗುತ್ತಿರಲಿಲ್ಲ. ಕೂಸನ್ನು ತಕ್ಕಡಿಯಲ್ಲಿ ತೂಗಿದರೆ ಸೊರಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಆದರೆ ಪಂಚಾಯತಿ ಚೇರಮನ್ ಗುರಲಿಂಗಪ್ಪ ಜಾಣ. ಎಲ್ಲಕ್ಕಿಂತ ಆರೋಗ್ಯವಂತ ಕೂಸಿಗೆ ನೀರು ತುಂಬುವ ಸ್ಟೀಲಿನ ಚರಗಿ ಬಹುಮಾನ ಎಂದು ಡಂಗುರದ ಬಾಲಕ್ಕೆ ಕಟ್ಟಿಸಿದ್ದ. ನೆದರು ಗಿದರು ಎಲ್ಲ ಚರಗಿಯ ಹೊಳಪಿಗೆ ಒಂದು ದಿನದ ಮಟ್ಟಿಗೆ ರಜೆ ಹಾಕಿತು.

"ಬಹುಮಾನ ಯಾರಿಗಂತ ಡಂಗುರದಾಗ ಹೇಳೇ ಬಿಟ್ಟಿದ್ದರ ಮಂದಿಗಿ ಬರೂ ತ್ರಾಸ ತಪ್ಪತಿತ್ತು" ಎಂದಳು ಕಸ್ತೂರೆವ್ವ.

ಸಿದ್ದವ್ವ ಕೂಸಿನ ತೊಡೆಗೆ ಎಣ್ಣೆ ಸವರುತ್ತಿದ್ದಳು. ತೊಡೆಯ ಸಂದಿನಲ್ಲಿ ಚರ್ಮ ಕಪ್ಪಾಗಿ, ಗೋಡೆಯ ಹಳೆಯ ಸುಣ್ಣದಂತೆ ಹಕ್ಕಳೆ ಏಳುತ್ತಿತ್ತು. ಅವಳು ಮೆಲ್ಲಗೆ, "ಅತ್ತೀ, ಇದನ್ನೊಂದು ಡಾಕ್ಟರಿಗಿ ತೋರಸೂಣೇನ್ರಿ?" ಎಂದಳು.

"ಸೆಕಿ ಬೊಕ್ಕಿ ಅವು, ಬೆವರಗುಳ್ಳಿ. ಎಣ್ಣಿ ಹಚ್ಚು, ಹೋಗತಾವ. ಚರಗಿ ತರಾಕ ಹೊಂಟವರು ಬೊಕ್ಕಿ ತೋರಿಸಿ ಬರ್ತಾರೇನು?"

ಸಿದ್ದವ್ವ ಮತ್ತೆ ಎಣ್ಣೆಗೆ ಕೈ ಅದ್ದಿದಳು. ಆ ಮನೆಯಲ್ಲಿ ಅವಳ ಮಾತಿನ ಪಾಲು ಬಹಳ ಸಣ್ಣದು. ಅದನ್ನೂ ಉಳಿಸಿ ಉಳಿಸಿ ಬಳಸುತ್ತಿದ್ದಳು.

ಶಿಬಿರದ ದಿನ ಕಸ್ತೂರೆವ್ವ ಮೊಮ್ಮಗನ ಮೈಮೇಲೆ ಮನೆಯ ಬೆಳ್ಳಿಯನ್ನೆಲ್ಲ ಏರಿಸಿದಳು. ಸೊಂಟಕ್ಕೆ ಉಡದಾರ, ಕೈಗೆ ಬಿಂದಲಿ, ಕೊರಳಿಗೆ ಬೆಳ್ಳಿಯ ಕರಡಿಗೆ. ಅಂದಕ್ಕೂ ಆಯಿತು, ತಕ್ಕಡಿಗೂ ಆಯಿತು. ಕಾಲ ಕಡಗ ಹೇಗೂ ಇದ್ದೇ ಇತ್ತು. ತೆಗೆಯಬೇಕೆಂದರೂ ಈಗ ಬರುತ್ತಿರಲಿಲ್ಲ.

ಸಾಲಿಯ ಬಯಲಿನ ಬೇವಿನ ಟೊಂಗೆಗೆ ತಕ್ಕಡಿ ತೂಗುಬಿಟ್ಟಿದ್ದರು. ನರ್ಸ್ ಸಾವಂತ್ರವ್ವ ಒಂದೊಂದೇ ಕೂಸನ್ನು ಜೋಳಿಗೆಯಲ್ಲಿ ಕೂರಿಸಿ ಮುಳ್ಳು ನೋಡುತ್ತಿದ್ದಳು. ಹುಚ್ಚವ್ವ ಜೋಳಿಗೆಯಲ್ಲಿ ನಿಲ್ಲಲಿಲ್ಲ. ಮೂರು ಮಂದಿ ಹಿಡಿದರೂ ಮುಳ್ಳು ಕುಣಿದು ಕುಣಿದು ಕೊನೆಗೆ ಒಂಬತ್ತೂವರೆ ಕಿಲೋದ ಹತ್ತಿರ ಸೋತು ನಿಂತಿತು. ಪರಮಾನಂದನ ಸರದಿ ಬಂದಾಗ ನರ್ಸು, "ಬೆಳ್ಳಿ ಎಲ್ಲಾ ತಗೀರಿ ಯವ್ವಾ, ಕೂಸಿನ ತೂಕ ಬೇಕು, ಅಕ್ಕಸಾಲಿ ಅಂಗಡೀದಲ್ಲ" ಎಂದಳು. ಕಸ್ತೂರೆವ್ವ ಗೊಣಗುತ್ತ ಎಲ್ಲ ತೆಗೆದಳು. ಕಡಗ ಬರಲಿಲ್ಲ.

"ಮೈ ತುಂಬೇತಿ, ನಾ ಏನ್ ಮಾಡಲಿ? ಕಾಲು ಕೊಯ್ಯಲೇನು?"

ಹಿಂದೆ ಸಾಲು ದೊಡ್ಡದಿತ್ತು. ನರ್ಸು ಕಡಗದೊಂದಿಗೇ ತೂಗಿದಳು. ಮುಳ್ಳು ಹತ್ತನ್ನು ಮೀರಿ ನಿಂತಿತು. ಕೂಸು ಜೋಳಿಗೆಯಲ್ಲಿ ಅಲುಗದೆ, ಇಟ್ಟ ಗಂಟಿನಂತೆ ಕೂತಿತ್ತು.

"ನೋಡಿದೇನು, ತಕ್ಕಡಿಗಿ ಎಷ್ಟ ಮರ್ಯಾದಿ ಕೊಡ್ತಾನ" ಎಂದು ಕಸ್ತೂರೆವ್ವ ತಿಪ್ಪವ್ವನ ಕಡೆ ನೋಡಿ ಹೇಳಿದಳು.

ಆಮೇಲೆ ಭಾಷಣ. ವೇದಿಕೆಯೆಂದರೆ ಸಾಲಿಯ ಕಟ್ಟೆ. ಮೇಜಿನ ಮೇಲೆ ಚೇರಮನ್ನರ ಮನೆಯ ಹೂವಿನ ಚಾದರ, ಅದರ ಮೇಲೆ ಚರಗಿ. ಮೊದಲು ಗುರಲಿಂಗಪ್ಪ ಮಾತಾಡಿದ. ಮಕ್ಕಳು ದೇಶದ ಸಂಪತ್ತು ಎಂದು ಅವನು ಹೇಳುತ್ತಿದ್ದಾಗ ದೇಶದ ಸಂಪತ್ತೆಲ್ಲ ಬಿಸಿಲಿನಲ್ಲಿ ಕೂತು ಅಳುತ್ತಿತ್ತು. ಕುಟುಂಬ ಯೋಜನೆಯ ಮಹತ್ವವನ್ನು ಒಂಬತ್ತು ಮಕ್ಕಳ ಅನುಭವದಿಂದ ವಿವರಿಸಿದ. ಮೈಕು ನಡುನಡುವೆ ಸಿಳ್ಳೆ ಹಾಕಿತು. ಜನಕ್ಕೆ ಅರ್ಥವಾದದ್ದು ಅದೊಂದೇ. ಚಪ್ಪಾಳೆ ಬಿತ್ತು, ಮಾತು ಮುಗಿಯಿತೆಂಬ ಸಂತೋಷಕ್ಕೆ.

ಡಾಕ್ಟರ್ ಪರಪ್ಪ ಮುದ್ದೇಬಿಹಾಳದ ಕಡೆಯವನು, ಸಣ್ಣ ವಯಸ್ಸು. ಹಿಂದಿನ ವರ್ಷ ಬೇರೊಂದು ಊರಿನಲ್ಲಿ ಪುಸ್ತಕದ ಕನ್ನಡದಲ್ಲಿ ಭಾಷಣ ಮಾಡಿ, ಎದುರಿಗಿದ್ದವರೆಲ್ಲ ಎದ್ದು ಹೋದ ಮೇಲೆ ಬುದ್ಧಿ ಕಲಿತಿದ್ದ. ಅವನು ಮೈಕಿನ ಮುಂದೆ ಬರಿಗೈಯಲ್ಲಿ ನಿಂತು, ಬಯಲಿನ ಅಂಚಿನಲ್ಲಿ ಬಳೆಬುಟ್ಟಿ ಇಟ್ಟುಕೊಂಡು ಕೂತಿದ್ದ ರಾಜಬಿಯನ್ನು ಕರೆದ.

"ರಾಜಬಿ, ಮೊದಲ ನಿನ್ನ ಕಡೆ ಅಳತಿ ಮಾಡಿ ತಗೊಂಡೆನಲ್ಲ, ಅಂಥಾದ ಕೂಸಿನ ಕೈಬಳಿ ಇನ್ನೊಂದು ಕೊಡು. ನನ್ನದು ಒಡದೈತಿ."

"ಡಾಕ್ಟರಸಾಬ, ಯಾರಿಗಿ ತೊಡಸ್ತೀರಿ? ಮದಿವಿ ಆದ್ರೇನು?"

ಬಯಲೆಲ್ಲ ನಕ್ಕಿತು. ಡಾಕ್ಟರನೂ ನಕ್ಕು, ಜೇಬಿನ ಅಳತೆಪಟ್ಟಿಯಿಂದ ಬಳೆಯ ಒಳಅಗಲ ಅಳೆದು ನೋಡಿದ. ನಾಲ್ಕು ಸೆಂಟಿಮೀಟರು. ಸರಿಯಾಗಿತ್ತು.

"ಅವ್ವಗೋಳ್ರಾ, ನಿಮಗ ಒಂದ ಮಾತ ಕೇಳ್ತೇನಿ. ಕೂಸು ಛಲೋ ಐತೋ ಇಲ್ಲೋ ಅಂತ ಹೆಂಗ ಹೇಳ್ತೀರಿ?"

"ಕಣ್ಣೀಲೆ" ಎಂದಳು ಕಸ್ತೂರೆವ್ವ, ಮುಂದಿನ ಸಾಲಿನಿಂದ. "ಕಣ್ಣಿದ್ದವರು ಕಣ್ಣೀಲೆ ನೋಡ್ತಾರ. ಇಲ್ಲದವರು ಬಳಿ ಹಿಡಕೊಂಡು ತಿರಗ್ತಾರ."

ಮತ್ತೆ ನಗು. ಡಾಕ್ಟರ ಸಿಟ್ಟಾಗಲಿಲ್ಲ. "ಆಯಿ ಹೇಳಿದ್ದು ಖರೆ. ಎಲ್ಲಾರೂ ಕಣ್ಣೀಲೇ ನೋಡ್ತೀವಿ. ತೆಳ್ಳಗಿದ್ದರ ಬ್ಯಾನಿ ಅಂತೀವಿ, ದಪ್ಪಿದ್ದರ ಗಟ್ಟಿ ಅಂತೀವಿ. ತೆಳ್ಳಗಿನ ಕೂಸಿನ್ನ ನನ್ನ ಕಡೆ ತರ್ತೀರಿ, ದಪ್ಪ ಕೂಸಿನ್ನ ಫೋಟೋ ತಗಸಾಕ ಒಯ್ತೀರಿ. ಎರಡರಾಗೂ ಮೋಸ ಹೋಗಬಹುದು. ಒಂದು ತೆಳ್ಳಗಿನ ಕೂಸು, ಒಂದು ದಪ್ಪ ಕೂಸು ಇಲ್ಲಿ ತರ್ರಿ, ತೋರಿಸ್ತೇನಿ."

ತೆಳ್ಳಗಿನ ಕೂಸಿಗೆ ಯಾರೂ ಮುಂದೆ ಬರಲಿಲ್ಲ. ಕಸ್ತೂರೆವ್ವನೇ ತಿಪ್ಪವ್ವನ ಬೆನ್ನು ದೂಡಿದಳು. "ಹೋಗ, ಇಂಥಾ ಕಡ್ಡಿ ಜಿಲ್ಲಾದಾಗ ಇನ್ನೊಂದು ಸಿಗೂದಿಲ್ಲ." ದಪ್ಪ ಕೂಸಿಗೆ ಅವಳು ಯಾರ ಕಡೆಯೂ ನೋಡಲಿಲ್ಲ. ಪರಮಾನಂದನನ್ನು ಎತ್ತಿಕೊಂಡು ತಾನೇ ಕಟ್ಟೆ ಹತ್ತಿ, ಮೇಜಿನ ಮೇಲೆ ಚರಗಿಯ ಪಕ್ಕಕ್ಕೇ ಕೂರಿಸಿದಳು. ಒಂದು ಮತ್ತೊಂದರ ಜೋಡಿ ಎಂಬುದು ಎಲ್ಲರಿಗೂ ಕಾಣಲಿ ಎಂದು.

ಡಾಕ್ಟರ ಮೊದಲು ಹುಚ್ಚವ್ವನ ಕೈ ಹಿಡಿದ. ಅವಳು ಅವನ ಕನ್ನಡಕಕ್ಕೆ ಕೈ ಹಾಕಿದಳು. ಬಳೆ ಮುಂಗೈ ದಾಟಿತು, ಮೊಣಕೈ ಹತ್ತಿರ ಬಂದು ನಿಂತಿತು. ದೂಡಿದರೂ ಮೇಲೆ ಏರಲಿಲ್ಲ.

"ನೋಡ್ರಿ, ನಿಂತಿತು. ಅಂದರ ರೆಟ್ಟಿಯೊಳಗ ಮಾಂಸ ಐತಿ. ಈ ಹುಡಿಗಿ ತೆಳ್ಳಗ ಅದಾಳ, ಖರೆ. ಅಪ್ಪನೂ ತೆಳ್ಳಗ ಅದಾನ. ಈಕಿ ಅವ್ವ ಮಂದಿ ಮಾತ ಕೇಳದ ತಿಂಗಳಾ ತಂದಾಳ, ನರ್ಸಬಾಯಿ ತೂಗ್ಯಾಳ, ಸ್ವಲ್ಪ ಸ್ವಲ್ಪ ಏರಿಕೋತ ಹೊಂಟೈತಿ. ಏರಾಕತ್ತಿದರ ಅಂಜಿಕಿಲ್ಲ. ಆದರ ಏರೂದು ನಿಂತರ, ಇಲ್ಲಾ ಇಳದರ, ಆ ತಿಂಗಳಾನ ಹಿಡೀಬೇಕು. ಹೊಲಕ್ಕ ಒಂದ ಸಲ ಹೋಗಿ ಬೆಳಿ ಛಲೋ ಐತಿ ಅಂತ ಹೇಳಿ ಸುಗ್ಗೀತನಕ ಮನ್ಯಾಗ ಕುಂಡ್ರತೀರೇನು?" ಅವಳ ಕಣ್ಣಿನ ಕೆಳರೆಪ್ಪೆ ಮೆಲ್ಲಗೆ ಎಳೆದು ನೋಡಿದ. "ಒಳಗ ಸ್ವಲ್ಪ ಬಿಳಿಚೈತಿ. ರಕ್ತ ಕಡಿಮಿ. ಔಷಧಾ ಕೊಡ್ತೇನಿ, ಬರೂ ತಿಂಗಳ ಮತ್ತ ತೋರಸಬೇಕು. ಓಡ್ಯಾಡತಾಳಂತ ಬಿಟ್ಟಿದ್ದರ ಇದೂ ತಿಳೀತಿರಲಿಲ್ಲ. ದಪ್ಪ ಕೂಸಿನಾಗೂ ಹಂಗ. ಬರೇ ಹಾಲ ಕುಡದು ಗುಂಡಗಾದ ಕೂಸಿಗೂ ರಕ್ತ ಇರೂದಿಲ್ಲ, ಗೊತ್ತೇನು?"

"ನಮ್ಮದು ಹಾಲು ಮುಟ್ಟೇ ಇಲ್ಲ!" ಎಂದಳು ಕಸ್ತೂರೆವ್ವ ಹೆಮ್ಮೆಯಿಂದ. "ಬರೇ ಸಾಬೂದಾಣಿ ಗಂಜಿ. ದಡಾರ ಬಂದಾಗಿಂದ ಇವತ್ತಿನತನಕ. ಬರಕೋರಿ, ಎಲ್ಲಾ ಊರಾಗೂ ಹೇಳಾಕ ಬರತೈತಿ."

ಡಾಕ್ಟರ ಅವಳ ಕಡೆ ತಿರುಗಿ ನೋಡಿದ. ಆಮೇಲೆ ಕೂಸಿನ ಕಡೆ ನೋಡಿದ. ಮೊದಲ ಸಲ ಸರಿಯಾಗಿ ನೋಡಿದ್ದು. ಕೆಂಚುಗೂದಲು, ಊದಿದ ಕೆನ್ನೆ, ಯಾವುದರ ಮೇಲೂ ನಿಲ್ಲದ ಕಣ್ಣು. ಬಯಲಿನಲ್ಲಿ ಅಷ್ಟು ಗದ್ದಲವಿದ್ದರೂ ಆ ಕೂಸು ಒಂದು ಸಲವೂ ತಲೆ ತಿರುಗಿಸಿರಲಿಲ್ಲ.

"ಈ ಕಡಗ ತಗೀರಿ ಆಯಿ."

"ಬರೂದಿಲ್ಲರಿ. ಮೈ ತುಂಬೇತಿ."

ಅವನು ಸಾಬೂನು ನೀರು ತರಿಸಿ ತಾನೇ ಮೆಲ್ಲಗೆ ತಿರುವಿ ತಿರುವಿ ಕಡಗ ತೆಗೆದ. ಕಡಗವಿದ್ದಲ್ಲಿ ಸುತ್ತಲೂ ಆಳವಾದ ಗೆರೆ. ಬಂಡಿಯ ಗಾಲಿ ಹಸಿಮಣ್ಣಿನಲ್ಲಿ ಹಾದಂತೆ.

"ನೋಡ್ರಿ ಮಾಂಸ ಹೆಂಗೈತಿ" ಎಂದ ಗುರಲಿಂಗಪ್ಪ, ಮೈಕಿನಲ್ಲಿ.

ಡಾಕ್ಟರ ಇನ್ನೂ ಹತ್ತಿರ ಬಗ್ಗಿದ. ಕೂಸಿನ ಪಾದದ ಮೇಲೆ ಹೆಬ್ಬೆರಳು ಇಟ್ಟು ಮೆಲ್ಲಗೆ ಒತ್ತಿ ಹಿಡಿದು, ಬಿಟ್ಟ. ಬೆರಳು ಬಂತು, ಬೆರಳಿನ ತೆಗ್ಗು ಹಾಗೇ ಉಳಿಯಿತು. ಇನ್ನೊಂದು ಪಾದಕ್ಕೂ ಒತ್ತಿದ. ಅಲ್ಲಿಯೂ ತೆಗ್ಗು. ಎರಡು ತೆಗ್ಗುಗಳು ಎರಡು ಸಣ್ಣ ಬಟ್ಟಲಿನಂತೆ ಬಿಸಿಲಿಗೆ ಬಾಯಿ ತೆರೆದುಕೊಂಡಿದ್ದವು. ತುಂಬಿ ಬರುವ ಅವಸರ ಅವಕ್ಕಿರಲಿಲ್ಲ.

ಆಮೇಲೆ ಬಳೆ ತೊಡಿಸಿದ. ಊದಿದ ಹಸ್ತವನ್ನು ಬಳೆ ಕಷ್ಟಪಟ್ಟು ದಾಟಿತು. ಒಮ್ಮೆ ದಾಟಿದ ಮೇಲೆ ಮೊಣಕೈಯಲ್ಲಿ ನಿಲ್ಲಲೇ ಇಲ್ಲ. ಯಾರೂ ದೂಡದೆ, ಬಾವಿಗೆ ಬಿಟ್ಟ ಕೊಡದಂತೆ ರೆಟ್ಟೆಯವರೆಗೆ ಜಾರಿಹೋಯಿತು. ತೋಳಿನ ಮೇಲೆ ಇನ್ನೂ ಜಾಗ ಉಳಿದಿತ್ತು.

ರಾಜಬಿ ಬಾಯಿಗೆ ಸೆರಗು ಹಿಡಿದಳು. ಎಷ್ಟು ಕೈಗಳಿಗೆ ಬಳೆ ತೊಡಿಸಿದವಳು, ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡಾಕ್ಟರ ಮೈಕನ್ನು ಪಕ್ಕಕ್ಕೆ ಸರಿಸಿ, ಕಸ್ತೂರೆವ್ವನಿಗಷ್ಟೇ ಕೇಳುವಂತೆ ಹೇಳಿದ. "ಆಯಿ, ಇದು ಮಾಂಸ ಅಲ್ಲರಿ, ನೀರು. ಬಾವು. ಗಂಜೀಲೆ ಹೊಟ್ಟಿ ತುಂಬತೈತಿ, ಮೈ ತುಂಬೂದಿಲ್ಲ. ಹಾಲಿಲ್ಲ, ಬ್ಯಾಳಿ ಇಲ್ಲ. ಮೈ ಸವದು ಸವದು ನೀರ ಹಿಡದೈತಿ. ತಕ್ಕಡಿ ತೂಗಿದ್ದು ಆ ನೀರನ್ನ. ತೂಕ ಒಂದ ನೋಡಿದರೂ ಮೋಸ ಐತಿ ನೋಡ್ರಿ, ಅದಕ್ಕ ಕಾಲು, ಕೈ, ಕಣ್ಣು ಎಲ್ಲಾ ನೋಡಬೇಕು."

"ನೀರು?" ಎಂದಳು ಕಸ್ತೂರೆವ್ವ. "ಯಾವ ನೀರು? ನಿನ್ನ ತಲ್ಯಾಗ ಇರೂದೇನು?"

ಮಾತು ಎಂದಿನಂತೆಯೇ ಚೂಪಾಗಿತ್ತು. ದನಿ ಮಾತ್ರ ಗಿರಣಿಯನ್ನು ಮೀರಿಸುವಂಥದ್ದಾಗಿರಲಿಲ್ಲ.

ಗುರಲಿಂಗಪ್ಪನಿಗೆ ಬೇರೆಯದೇ ಚಿಂತೆ. "ಡಾಕ್ಟರ, ಅದೆಲ್ಲಾ ಆಮ್ಯಾಲ ನೋಡೂಣು. ಬಹುಮಾನ ಈ ಕೂಸಿಗೇ ಅಂತ ನಿನ್ನೆನ ಠರಾವು ಆಗೇತಿ. ಹೂವಿನ ಮಾಲಿ ತರಿಸೀವಿ. ಮಾಲಿ ಬಾಡತೈತಿ."

"ಇವತ್ತ ಈ ಕೂಸು ಬಾಗೇವಾಡಿ ದವಾಖಾನಿಗಿ ಹೋಗಬೇಕು" ಎಂದ ಡಾಕ್ಟರ. "ನಮ್ಮ ಜೀಪು ಹೊಂಟೈತಿ. ತಡಾ ಮಾಡಿದರ, ಸಣ್ಣ ಜ್ವರಾ ಬಂದರೂ ಈ ಮೈ ತಾಳೂದಿಲ್ಲ."

"ಅಲ್ಲಿ ಏನ್ ಮಾಡ್ತೀರಿ ಅವಂಗ?"

"ಸ್ವಲ್ಪ ಸ್ವಲ್ಪ ಹಾಲು, ಹೊತ್ತೊತ್ತಿಗಿ. ಒಮ್ಮೆಲೆ ಹೆಚ್ಚು ಕೊಡೂದಿಲ್ಲ. ತಡಕೊಂಡಂಗ ಬ್ಯಾಳಿ, ಶೇಂಗಾ ಪುಡಿ. ಆಯಿ, ಒಂದ ಮಾತ ಮೊದಲ ಹೇಳ್ತೇನಿ. ನೀರ ಇಳಿಯೂಮುಂದ ಕೂಸು ತೆಳ್ಳಗಾಗತೈತಿ. ತೂಕನೂ ಇಳೀತೈತಿ. ಎಲುಬು ಕಾಣತಾವ. ಅದನ್ನ ನೋಡಿ ಅಂಜಿ ಮನಿಗಿ ಕರಕೊಂಡ ಹೋಗಬ್ಯಾಡ್ರಿ. ಆಮ್ಯಾಲ ಖರೇ ಮಾಂಸ ತುಂಬತೈತಿ."

ಕಸ್ತೂರೆವ್ವನಿಗೆ ಆ ಉದ್ದ ಮಾತಿನಲ್ಲಿ ಒಂದೇ ಒಂದು ಶಬ್ದ ಕೇಳಿಸಿತು.

"ತೆಳ್ಳಗಾಗ್ತಾನ?"

ಬರಿ ಲಂಗ ಎತ್ತಿಕೊಂಡಂಥ ಹಗುರ ಅವಳ ತೋಳಿಗೆ ಮತ್ತೆ ಬಂತು. ಅವಳು ಕೂಸನ್ನು ಎದೆಗೆ ಅವಚಿ ಕಟ್ಟೆಯ ಮೆಟ್ಟಿಲ ಕಡೆ ತಿರುಗಿದಳು. "ದಡಾರದ ಮೈಗೆ ಹಾಲು! ಪಥ್ಯ ಕೆಡಿಸಿ ನನ್ನ ಕೂಸಿನ್ನ ಒಣಗಿಸಿ ಕೊಡ್ತಾನಂತ. ಬ್ಯಾಡಪಾ, ನಿನ್ನ ಚರಗೀನೂ ಬ್ಯಾಡ, ನಿನ್ನ ಜೀಪೂ ಬ್ಯಾಡ. ನಡೀ ಸಿದ್ದವ್ವಾ, ಮನಿಗಿ."

ಸಿದ್ದವ್ವ ಮೆಟ್ಟಿಲ ಕೆಳಗೆ ನಿಂತಿದ್ದಳು. ಹೊಟ್ಟೆ ಮುಂದಾಗಿತ್ತು, ಸೆರಗು ತಲೆಯ ಮೇಲಿತ್ತು. ಅವಳು ದಾರಿ ಬಿಡಲಿಲ್ಲ.

"ಅತ್ತೀ, ಅಂವ ನಕ್ಕು ಎಷ್ಟು ದಿನಾ ಆತ್ರಿ?"

ಅಷ್ಟೇ ಕೇಳಿದ್ದು. ಎಷ್ಟು ತಿಂಗಳಿಂದ ಉಳಿಸಿಟ್ಟಿದ್ದಳೋ ಆ ಮಾತನ್ನು. ಕಸ್ತೂರೆವ್ವ ಬಾಯಿ ತೆರೆದಳು. ಸ್ವಾಮಿಗಳ ಮಾತು ನಾಲಿಗೆಯ ತುದಿಯವರೆಗೆ ಬಂತು. ಅಲ್ಲಿಂದ ಮುಂದೆ ಬರಲಿಲ್ಲ. ತಿಪ್ಪವ್ವನ ಕಂಕುಳಲ್ಲಿದ್ದ ಹುಚ್ಚವ್ವ ಮೇಜಿನ ಮೇಲಿನ ಮಾಲೆಯಿಂದ ಒಂದು ಹೂ ಕಿತ್ತು, ಕಸ್ತೂರೆವ್ವನ ಹೆಗಲ ಮೇಲಿಂದ ಪರಮಾನಂದನ ಮೂಗಿಗೆ ತುರುಕಲು ನೋಡಿದಳು. ಬೇರೆ ಯಾವ ಕೂಸಾದರೂ ನಗಬೇಕಿತ್ತು, ಇಲ್ಲವೆ ಅಳಬೇಕಿತ್ತು. ಇವನು ಹೂವನ್ನೂ ನೋಡಲಿಲ್ಲ.

ಕಸ್ತೂರೆವ್ವ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಮೊಮ್ಮಗನ ಪಾದವನ್ನು ಅಂಗೈಯಲ್ಲಿ ತೆಗೆದುಕೊಂಡಳು. ಡಾಕ್ಟರ ಒತ್ತಿದ ತೆಗ್ಗು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಅದರ ಪಕ್ಕದಲ್ಲಿ ಅವಳೂ ತನ್ನ ಹೆಬ್ಬೆರಳಿಟ್ಟು ಒತ್ತಿದಳು. ಬಿಟ್ಟಳು. ಆಮೇಲೆ ಸೀರೆಯ ಅಂಚು ಸರಿಸಿ ತನ್ನ ಪಾದವನ್ನೂ ಒತ್ತಿ ನೋಡಿಕೊಂಡಳು. ಅವಳ ಪಾದದ ಚರ್ಮ ತಕ್ಷಣ ಮೇಲೆದ್ದಿತು. ಕೂಸಿನದು ಏಳಲಿಲ್ಲ. ಒಂದರ ಪಕ್ಕ ಒಂದು, ಈಗ ಎರಡು ತೆಗ್ಗು.

ಆ ಎರಡನ್ನೂ ಅವಳು ಹೆಬ್ಬೆರಳಿನಿಂದ ಸವರಿದಳು.

"ಎಷ್ಟು ತೆಳ್ಳಗಾಗ್ತಾನ?" ಎಂದು ಅವಳು ತಲೆ ಎತ್ತದೆ ಕೇಳಿದಳು.

"ನೋಡಾಕ ಆಗದಷ್ಟು" ಎಂದ ಡಾಕ್ಟರ. "ಸ್ವಲ್ಪ ದಿನಾ. ಸುಳ್ಳು ಹೇಳೂದಿಲ್ಲ."

"ಸುಳ್ಳು ಹೇಳೂದು ನಿನಗ ಬರೂದೂ ಇಲ್ಲ. ಬಂದಿದ್ದರ ಇಷ್ಟೊತ್ತಿಗಿ ಚೇರಮನ್ ಆಗಿರತಿದ್ದಿ."

ಎಲ್ಲರಿಗೂ ಉಸಿರು ಬಂತು. ಕಸ್ತೂರೆವ್ವ ಎದ್ದಳು. ಕೂಸನ್ನು ಸೊಸೆಯ ಕೈಗೆ ಕೊಟ್ಟಳು, ಮರುಕ್ಷಣ ಅವಳ ಹೊಟ್ಟೆ ನೋಡಿ ತಾನೇ ಮರಳಿ ತೆಗೆದುಕೊಂಡಳು. ಕಟ್ಟೆಯ ಮೇಲೆ ಬಿದ್ದಿದ್ದ ಬೆಳ್ಳಿ ಕಡಗವನ್ನು ತಿಪ್ಪವ್ವ ಎತ್ತಿಕೊಡಲು ಬಂದಳು.

"ಅದು ನಿನ್ನ ಕಡೆ ಇರ್ಲಿ. ಇವ ಓಡ್ಯಾಡಾಕತ್ತ ಮ್ಯಾಲ ಕೊಡು. ಸಡ್ಲ ಆಗಿ ಗಲಗಲ ಅನ್ನಬೇಕು ನೋಡು, ಬಿಗೀ ಆದರ ನನ್ನ ಕಪಾಳಕ್ಕ ಹೊಡಿ." ನಾಲ್ಕು ಹೆಜ್ಜೆ ನಡೆದು ಮತ್ತೆ ತಿರುಗಿದಳು. "ಮತ್ತ ಸಂಜಿಗಿ ನಮ್ಮ ಎಮ್ಮಿ ಹಿಂಡು. ಒದ್ದರ ಒದೀಲಿ, ಅದರ ಮುಂದ ನನ್ನ ಹೆಸರ ಹೇಳು. ಒಂದ ಚರಗಿ ಹಾಲು ಹುಚ್ಚವ್ವಗ. ಕಣ್ಣು ಬಿಳಿಚೈತಂತ, ಕೇಳಿದಿಲ್ಲೋ? ಡಾಕ್ಟರ ಔಷಧಾ ಕೊಡ್ತಾನ, ಅದನ್ನ ದೇವರ ಮಾಡದಾಗ ಇಟ್ಟು ಪೂಜಿ ಮಾಡಬ್ಯಾಡ, ಕುಡಸು."

"ಆಗಲ್ರಿ ಯವ್ವಾ" ಎಂದಳು ತಿಪ್ಪವ್ವ.

ಜೀಪಿನ ಎಂಜಿನ್ನು ಕೆಮ್ಮಿತು. ಬೆಳಗಿನ ಗಿರಣಿಯಂತೆಯೇ ಗಂಟಲು ಸರಿಮಾಡಿಕೊಂಡಿತು. ಗುರಲಿಂಗಪ್ಪ ಒಂದು ಕೈಯಲ್ಲಿ ಮಾಲೆ, ಇನ್ನೊಂದು ಕೈಯಲ್ಲಿ ಚರಗಿ ಹಿಡಿದು ಮೈಕಿನ ಮುಂದೆಯೇ ನಿಂತಿದ್ದ. ಠರಾವು ಮುರಿದರೆ ಮುಂದೇನು ಮಾಡಬೇಕೆಂದು ಯಾವ ಭಾಷಣದಲ್ಲಿಯೂ ಬರೆದಿರಲಿಲ್ಲ.

"ಕಸ್ತೂರೆವ್ವಾ, ಅಲ್ಲಬೇ, ಇಷ್ಟು ಮಂದಿ ಕೂಡ್ಯಾರ. ಒಂದ ಸಲ ಚರಗಿ ಹಿಡಕೊಂಡು ನಿಂತು ಹೋಗಬೇ. ಮಾನ ಉಳೀತೈತಿ."

ಕಸ್ತೂರೆವ್ವ ಜೀಪಿನ ಕಡೆ ನಡೆಯುತ್ತಲೇ, ತಿರುಗದೆ, ಇಡೀ ಬಯಲಿಗೆ ಕೇಳುವಂತೆ ಕೂಗಿದಳು. ಅವಳ ದನಿ ಎಂಜಿನ್ನನ್ನು ಮೀರಿ ಹೋಯಿತು.

"ಮಾಲಿ ನೀನ ಹಾಕ್ಕೋ ಗುರಲಿಂಗಾ, ನಿನ್ನಷ್ಟು ದಪ್ಪ ಕೂಸು ಊರಾಗ ಇನ್ನ್ಯಾವುದೈತಿ? ಆದರ ಹಾಕ್ಕೊಳ್ಳೂಕಿಂತ ಮೊದಲ ಕಾಲೊಂದು ಒತ್ತಿ ನೋಡಿಕೋ. ತೆಗ್ಗ ಬಿದ್ದರ ಲಗೂನ ಬಾ, ಜೀಪಿನ್ಯಾಗ ಜಾಗಾ ಐತಿ. ಬೀಳಲಿಲ್ಲಂದರ ಆ ಚರಗೀಲೆ ನೀರು ತಗೊಂಡು, ಬಿಸಲಾಗ ಕುಂತ ಕೂಸುಗೋಳಿಗಿ ಮೊದಲ ಒಂದೊಂದು ಗುಟಕ ಕುಡಸು!"